ಕ್ಲೀನಿಂಗ್ ಎಸ್‌ಒಪಿ ಕನ್ನಡಕ್ಕೆ ಮಾಡೋದು ಹೇಗೆ: ಟ್ಯಾಬ್ಲೆಟ್ ಕಂಪ್ರೆಷನ್ ಲೈನ್ ಇಟ್ಕೊಂಡು ಒಂದು ಮಾರ್ಗದರ್ಶಿ

ಮೊದಲು ನೀರಿನ ಕಥೆ ಹೇಳ್ತೀನಿ, ಆಮೇಲೆ ಸ್ಟೆಪ್‌ಗೆ ಬರೋಣ. ನಾನು ಔಷಧಿ ಫ್ಯಾಕ್ಟರಿಯಲ್ಲಿ ಗುಣಮಟ್ಟ ನೋಡ್ಕೊಳ್ಳೋ ಕ್ಯೂಎ ವಿಭಾಗದ ಡಾಕ್ಯುಮೆಂಟೇಶನ್‌ಗೆ ಬಂದ ಹೊಸದರಲ್ಲಿ ಕಂಪ್ರೆಷನ್ ಮೆಷಿನ್ ಕ್ಲೀನಿಂಗ್ ಎಸ್‌ಒಪಿನ ಕನ್ನಡಕ್ಕೆ ಮಾಡು ಅಂತ ಕೊಟ್ರು. ಎಸ್‌ಒಪಿ ಅಂದ್ರೆ ಕೆಲಸ ಹೇಗೆ ಮಾಡ್ಬೇಕು ಅಂತ ಸ್ಟೆಪ್ ಪ್ರಕಾರ ಬರೆದಿರೋ ಕಾಗದ. ಅದರಲ್ಲಿ ಎರಡು ತರಹ ನೀರು ಬರುತ್ತೆ. ಮೊದಲು ಪೊಟೆಬಲ್ ವಾಟರ್‌ನಲ್ಲಿ ತೊಳೀಬೇಕು, ಕೊನೇಗೆ ಪ್ಯೂರಿಫೈಡ್ ವಾಟರ್‌ನಲ್ಲಿ ಜಾಲಾಡಿಸಬೇಕು. ನಾನು ಡಿಕ್ಷನರಿ ನೋಡಿ ಒಂದನ್ನ 'ಕುಡಿಯುವ ನೀರು' ಅಂತ, ಇನ್ನೊಂದನ್ನ 'ಶುದ್ಧ ನೀರು' ಅಂತ ಬರೆದು ಖುಷಿಯಾಗಿ ಸೈನಿಗೆ ಕಳಿಸಿದೆ. ಕನ್ನಡದ ಪ್ರಕಾರ ಏನೂ ತಪ್ಪಿಲ್ಲ. ಆದ್ರೆ ನಮ್ಮ ಕಡೆ ಊರೂರಲ್ಲೂ 'ಶುದ್ಧ ಕುಡಿಯುವ ನೀರಿನ ಘಟಕ' ಅಂತ ಬೋರ್ಡ್ ಹಾಕಿರೋ ಆರ್‌ಒ ಘಟಕ ಇದೆ, ಕಾಯಿನ್ ಹಾಕಿ ಕ್ಯಾನ್ ತುಂಬಿಸ್ಕೊಂಡು ಬರ್ತಾರಲ್ಲ, ಅದು. ಅಲ್ಲಿಂದ ಬಂದ ಹುಡುಗನಿಗೆ ಶುದ್ಧ ನೀರು ಅಂದ್ರೂ ಒಂದೇ, ಕುಡಿಯೋ ನೀರು ಅಂದ್ರೂ ಒಂದೇ. ವಾಶ್ ಏರಿಯಾದಲ್ಲಿ ಎರಡು ಲೈನ್ ಅಕ್ಕಪಕ್ಕ ಇತ್ತು, ಅವನು ಎರಡು ಸಲನೂ ಪೊಟೆಬಲ್ ಲೈನ್ ತಿರುಗಿಸಿ ತೊಳೆದುಬಿಟ್ಟ.

ಗೊತ್ತಾಗಿದ್ದು ಹೇಗೆ ಅಂದ್ರೆ, ಒಣಗಿದ ಮೇಲೆ ಫೀಡ್ ಫ್ರೇಮ್ ಮೇಲೆ ಬಿಳಿ ಬಿಳಿ ಹನಿ ಗುರುತು. ಮನೇಲಿ ಬೋರ್ ನೀರಲ್ಲಿ ತೊಳೆದ ಸ್ಟೀಲ್ ಲೋಟದ ಮೇಲೆ ಕೂರುತ್ತಲ್ಲ ಉಪ್ಪಿನ ಕಲೆ, ಅದೇ. ಪ್ಯೂರಿಫೈಡ್ ವಾಟರ್ ಒಣಗಿದ್ರೆ ಹಂಗೆ ಕಲೆ ಉಳಿಯಲ್ಲ. ಡೀವಿಯೇಶನ್ ಹಾಕಿ, ಪೂರ್ತಿ ಮತ್ತೆ ತೊಳೆದು, ಒಂದು ಶಿಫ್ಟ್ ಹೋಯ್ತು. ರೂಟ್ ಕಾಸ್‌ನಲ್ಲಿ 'ಆಪರೇಟರ್ ತಪ್ಪು' ಅಂತ ಬರೆಯೋಕೆ ಹೊರಟಿದ್ರು, ನಾನೇ ಹೋಗಿ ಅನುವಾದ ತಪ್ಪು ಅಂದೆ. ಫ್ಲೋರ್‌ನಲ್ಲಿ ಎಲ್ರೂ ಪ್ಯೂರಿಫೈಡ್ ವಾಟರ್‌ನ ಕರೆಯೋದು 'ಪಿಡಬ್ಲ್ಯೂ' ಅಂತ, ಪೈಪ್ ಮೇಲೂ ಅದೇ ಅಂಟಿಸಿದೆ. ನಾನು 'ಪಿಡಬ್ಲ್ಯೂ ಲೈನ್ ನೀರು' ಅಂತ ಬರೆದಿದ್ರೆ ಕಥೆನೇ ಇರ್ತಿರಲಿಲ್ಲ.

ಸೋ ಮೊದಲ ಸ್ಟೆಪ್, ಎಸ್‌ಒಪಿ ಕೈಗೆ ಬಂದ ತಕ್ಷಣ ಕಂಪ್ಯೂಟರ್ ಮುಂದೆ ಕೂರಬೇಡಿ, ಒಂದು ಪೂರ್ತಿ ಚೇಂಜ್‌ಓವರ್ ಕ್ಲೀನಿಂಗ್ ನಿಂತು ನೋಡಿ. ಬ್ಯಾಚ್‌ನಿಂದ ಬ್ಯಾಚ್‌ಗೆ ಅದೇ ಪ್ರಾಡಕ್ಟ್ ಹೋಗೋವಾಗ ಮಾಡೋ ಪುಡಿ ತೆಗೆಯೋ ಕ್ಲೀನಿಂಗ್ ಅಲ್ಲ, ಪ್ರಾಡಕ್ಟ್ ಬದಲಾದಾಗ ಮೆಷಿನ್ ಬಿಚ್ಚಿ ಮಾಡೋದು. ವ್ಯಾಕ್ಯೂಮ್‌ನಿಂದ ಪುಡಿ ಎಳೀತಾರೆ, ಹಾಪರ್ ಇಳಿಸ್ತಾರೆ, ಫೀಡ್ ಫ್ರೇಮ್ ಬಿಚ್ತಾರೆ, ಪಂಚ್ ಎಲ್ಲ ತೆಗೀತಾರೆ, ಡೈ ಲಾಕ್ ಸ್ಕ್ರೂ ಸಡಿಲ ಮಾಡಿ ಡೈ ತೆಗೀತಾರೆ, ಬಿಚ್ಚಿದ್ದನ್ನ ವಾಶ್ ಏರಿಯಾಗೆ ತಗೊಂಡು ಹೋಗ್ತಾರೆ, ಪಂಚ್, ಡೈ ಹೊತ್ತು ತಿರುಗೋ ಟರೆಟ್ ಮಾತ್ರ ಮೆಷಿನ್‌ನಲ್ಲೇ ಇರೋದ್ರಿಂದ ಅದನ್ನ ನೀರು ಸುರಿಯದೆ ಒರೆಸ್ತಾರೆ. ಅವರು ಒಂದೊಂದಕ್ಕೂ ಏನು ಅಂತಾರೆ ಬರ್ಕೊಳಿ. ಟರೆಟ್‌ಗೆ ಟರೆಟ್ಟೇ. ಅದಕ್ಕೆ 'ಗೋಪುರ ಚಕ್ರ' ಅಂತ ಹೆಸರಿಟ್ಟಿದ್ದ ಒಂದು ಅನುವಾದನ ನಾನು ನೋಡಿದೀನಿ, ಫಿಟ್ಟರ್‌ಗಳು ಒಂದು ವಾರ ನಕ್ಕಿದ್ರು. ಪಾರ್ಟ್ ಹೆಸರು, ಲೈನ್ ಹೆಸರು, ಲೇಬಲ್ ಹೆಸರು ಅನುವಾದ ಮಾಡ್ಬೇಡಿ, ಅದನ್ನ ಕನ್ನಡ ಅಕ್ಷರದಲ್ಲಿ ಬರೀರಿ ಸಾಕು. ಕನ್ನಡ ಬೇಕಾಗಿರೋದು ಕೆಲಸಕ್ಕೆ, ಅಂದ್ರೆ ಕ್ರಿಯಾಪದಕ್ಕೆ.

ಕ್ರಿಯಾಪದದಲ್ಲೇ ಹೆಚ್ಚು ಜನ ಜಾರೋದು. ಇಂಗ್ಲಿಷ್ ಎಸ್‌ಒಪಿಯಲ್ಲಿ ವಾಶ್, ರಿನ್ಸ್, ಫ್ಲಶ್ ಮೂರೂ ಬರುತ್ತೆ, ನಾವು ಮೂರಕ್ಕೂ 'ತೊಳೆಯಿರಿ' ಅಂತ ಹಾಕಿಬಿಡ್ತೀವಿ. ಓದೋವನಿಗೆ ಒಂದೇ ಕೆಲಸ ಮೂರು ಸಲ ಯಾಕೆ ಹೇಳ್ತಿದಾರೆ ಅನ್ಸುತ್ತೆ, ಒಂದನ್ನ ಬಿಡ್ತಾನೆ. ಆದ್ರೆ ನಮ್ಮ ಪಾತ್ರೆ ತೊಳೆಯೋ ಭಾಷೇಲೇ ಇದೆಲ್ಲ ಇದೆ. ಬ್ರಶ್ ಹಾಕಿ ಡಿಟರ್ಜೆಂಟ್‌ನಲ್ಲಿ ಉಜ್ಜೋದು 'ಉಜ್ಜಿ ತೊಳೆಯೋದು'. ಡಿಟರ್ಜೆಂಟ್ ಹೋಗೋ ಹಾಗೆ ನೀರಲ್ಲಿ ಮಾಡೋದು 'ಜಾಲಾಡಿಸೋದು'. ಪೈಪ್‌ನಿಂದ ಜೋರಾಗಿ ನೀರು ಬಿಡೋದು 'ನೀರು ಹಾಯಿಸೋದು'. ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಅಂತ ಮೊದಲೇ ಒಂದು ಹಾಳೆ ಮಾಡ್ಕೊಂಡು ಇಡೀ ಪ್ಲಾಂಟ್‌ನ ಎಲ್ಲ ಎಸ್‌ಒಪಿಗೂ ಅದನ್ನೇ ಬಳಸಿ. ಚೆಂದ ಕಾಣಲಿ ಅಂತ ಒಂದು ಕಡೆ ಶುಚಿಗೊಳಿಸಿ, ಇನ್ನೊಂದು ಕಡೆ ಸ್ವಚ್ಛಗೊಳಿಸಿ, ಮತ್ತೊಂದು ಕಡೆ ಶುಭ್ರಗೊಳಿಸಿ ಅಂತ ಬರೆದ್ರೆ ಓದೋವನು ಮೂರೂ ಬೇರೆ ಬೇರೆ ಕೆಲಸ ಅನ್ಕೋತಾನೆ.

ವೈಪ್ ಅನ್ನೋದ್ರಲ್ಲೂ ಒಂದು ಸೂಕ್ಷ್ಮ ಇದೆ. ಟರೆಟ್‌ನ ಡ್ಯಾಂಪ್ ಬಟ್ಟೇಲಿ ಒರೆಸಬೇಕು ಅಂತಿರುತ್ತೆ, ಅದಕ್ಕೆ 'ಒದ್ದೆ ಬಟ್ಟೆ' ಅಂತ ಬರೆದ್ರೆ ನೀರು ಸೋರೋ ಬಟ್ಟೆ ತಗೊಂಡು ಹೋಗ್ತಾರೆ, ಡೈ ಪಾಕೆಟ್ ಒಳಗೆ ನೀರು ನಿಲ್ಲುತ್ತೆ, ಮುಂದಿನ ಬ್ಯಾಚ್‌ನ ಗ್ರಾನ್ಯೂಲ್ಸ್ ಅಲ್ಲಿ ಅಂಟ್ಕೊಳ್ಳುತ್ತೆ, ತುಕ್ಕು ಬೇರೆ. 'ಹಸಿ ಬಟ್ಟೆ' ಅಂದ್ರೆ ಉತ್ತರ ಕರ್ನಾಟಕದವರಿಗೆ ಅರ್ಥ ಆಗುತ್ತೆ, ಮಂಡ್ಯ ಕಡೆಯವರಿಗೆ ಹಸಿ ಅಂದ್ರೆ ತರಕಾರಿ ನೆನಪಾಗುತ್ತೆ. 'ಪಿಡಬ್ಲ್ಯೂನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆ' ಅಂತ ಬರೀರಿ, ಎರಡೂ ಕಡೆಯವರಿಗೂ ಒಂದೇ ಬಟ್ಟೆ ಕಣ್ಮುಂದೆ ಬರುತ್ತೆ.

ಈಗ ಕನ್ನಡದ್ದೇ ಒಂದು ಕಾಟ, ಇಂಗ್ಲಿಷ್‌ನಲ್ಲಿ ಇದು ಇಲ್ಲ. ಬಿಚ್ಚಿ, ಒರೆಸಿ, ಒಣಗಿಸಿ, ಜೋಡಿಸಿ, ತೋರಿಸಿ ಇವೆಲ್ಲ ನೋಡಿ, 'ನೀವು ಒರೆಸಿ' ಅನ್ನೋ ಆಜ್ಞೆನೂ ಹೌದು, 'ಒರೆಸಿ ಆದ ಮೇಲೆ' ಅನ್ನೋ ಅರ್ಥನೂ ಹೌದು. ತೊಳೆಯಿರಿ ಮತ್ತು ತೊಳೆದು ಅನ್ನೋದ್ರಲ್ಲಿ ಈ ಗೊಂದಲ ಇಲ್ಲ, ಆದ್ರೆ ಕ್ಲೀನಿಂಗ್ ಎಸ್‌ಒಪಿಯ ಮುಕ್ಕಾಲು ಪದ ಒರೆಸಿ ತರಹದ್ದೇ. ನಮ್ಮಲ್ಲಿ ಇಂಗ್ಲಿಷ್‌ನಲ್ಲಿ ಇದ್ದಿದ್ದು ಪಾರ್ಟ್ಸ್ ಒಣಗಿಸಬೇಕು, ಕ್ಯೂಎ ನೋಡಿದ ಮೇಲೆ ಜೋಡಿಸಬೇಕು ಅಂತ. ಯಾರೋ ಅದನ್ನ 'ಪಾರ್ಟ್ಸ್ ಒಣಗಿಸಿ ಜೋಡಿಸಿ ಕ್ಯೂಎಗೆ ತೋರಿಸಿ' ಅಂತ ಒಂದೇ ಸಾಲು ಮಾಡಿದ್ರು. ಜೋಡಿಸಿದ ಮೇಲೆ ಫೀಡ್ ಫ್ರೇಮ್‌ನ ಕೆಳಭಾಗ, ಡೈ ಪಾಕೆಟ್ ಏನೂ ಕಾಣಲ್ಲ, ಕ್ಯೂಎ ಬಂದು ಹೊರಗಿನ ಹೊಳಪು ನೋಡಿ ಸೈನ್ ಹಾಕಿ ಹೋಗ್ತಾನೆ. ನೋಡ್ಬೇಕಾದ ಜಾಗನೇ ಮುಚ್ಚಿಹೋಯ್ತು.

ಇದಕ್ಕೆ ನಾನು ಮಾಡೋದು ಇಷ್ಟೇ. ಒಂದು ಸಾಲಿಗೆ ಒಂದೇ ಕೆಲಸ, ಒಂದೇ ಕ್ರಿಯಾಪದ, ಪ್ರತಿ ಸಾಲಿಗೂ ನಂಬರ್. ಒಂದರ ನಂತರವೇ ಇನ್ನೊಂದು ಅಂತ ಇರೋ ಕಡೆ 'ಆದ ಮೇಲೆಯೇ' ಅಂತ ಬಾಯಿಬಿಟ್ಟು ಹೇಳಿ. ಯುರೋಪಿನ ಜಿಎಂಪಿ ಗೈಡ್‌ನ 4ನೇ ಅಧ್ಯಾಯ ಕೂಡ ಎಸ್‌ಒಪಿ ಎಲ್ಲ ಆಜ್ಞೆಯ ಧಾಟಿಯಲ್ಲಿ, ಕಡ್ಡಾಯ ಅಂತ ಗೊತ್ತಾಗೋ ಹಾಗೆ ಇರ್ಬೇಕು ಅನ್ನುತ್ತೆ, ಕನ್ನಡದಲ್ಲಿ ಆ ಧಾಟಿ ಬರೋದು ಹೀಗೆ ತುಂಡು ಸಾಲು ಮಾಡಿದ್ರೆ ಮಾತ್ರ. 'ಒರೆಸಲ್ಪಡಬೇಕು' ಅಂತ ಬರೆಯೋರಿಗೆ ನನ್ನದೊಂದು ಪ್ರಶ್ನೆ, ಯಾರಿಂದ?

ಆ ಸಾಲು ತಿದ್ದಿದ ಮೇಲೆ ಹೀಗಾಯ್ತು:

12. ಆಪರೇಟರ್: ಬಿಚ್ಚಿದ ಪಾರ್ಟ್ಸ್ ಒಣಗಿಸಿ. ನೀರಿನ ಹನಿ ಇರಬಾರದು.
13. ಆಪರೇಟರ್: ಒಣಗಿದ ಪಾರ್ಟ್ಸ್ ಟ್ರೇ ಮೇಲೆ ಬಿಡಿಬಿಡಿಯಾಗಿ ಇಡಿ. ಈಗ ಜೋಡಿಸಬೇಡಿ.
14. ಕ್ಯೂಎ: ಪಾರ್ಟ್ಸ್ ಮತ್ತು ಟರೆಟ್ ನೋಡಿದ ಮೇಲೆಯೇ ಸೈನ್ ಮಾಡಿ.
15. ಆಪರೇಟರ್: 14ರಲ್ಲಿ ಸೈನ್ ಆದ ಮೇಲೆಯೇ ಜೋಡಿಸಿ.

ಇಂಗ್ಲಿಷ್‌ನಲ್ಲಿ ಎರಡು ಸಾಲು ಇದ್ದಿದ್ದು ಕನ್ನಡದಲ್ಲಿ ನಾಲ್ಕು ಆಯ್ತು, ಸ್ಟೆಪ್ ನಂಬರ್ ಎರಡೂ ಕಡೆ ಹೊಂದಲ್ಲ. ಇಲ್ಲಿ ತುಂಬಾ ಜನ 12ಎ, 12ಬಿ ಅಂತ ತೇಪೆ ಹಾಕ್ತಾರೆ. ನಾನು ಹೇಳೋದು ಇಂಗ್ಲಿಷ್‌ನೇ ಹಾಗೆ ಒಡೆಸಿ. 'ಬಿಡಿಬಿಡಿಯಾಗಿ ಇಡಿ' ಅನ್ನೋದು ಇಂಗ್ಲಿಷ್‌ನಲ್ಲಿ ಇರ್ಲಿಲ್ಲ, ಅದನ್ನ ನಾನು ಸುಮ್ನೆ ಸೇರಿಸೋ ಹಾಗೂ ಇಲ್ಲ, ಅನುವಾದಕನಿಗೆ ಪ್ರೊಸೀಜರ್ ಬದಲಾಯಿಸೋ ಅಧಿಕಾರ ಇಲ್ಲ. ಚೇಂಜ್ ಕಂಟ್ರೋಲ್ ಹಾಕಿಸಿ, ಇಂಗ್ಲಿಷ್ ರಿವೈಸ್ ಆಗಿ, ಆಮೇಲೆ ಕನ್ನಡ. ತಡ ಆಗುತ್ತೆ ನಿಜ.

ಇದೇ ಕಾರಣಕ್ಕೆ ಇಂಗ್ಲಿಷ್‌ನಲ್ಲಿ ಮಸುಕಾಗಿರೋ ಸಾಲು ಸಿಕ್ರೆ ಅದನ್ನ ಮಸುಕಾದ ಕನ್ನಡ ಮಾಡ್ಬೇಡಿ, ಬರೆದವರ ಹತ್ರ ವಾಪಸ್ ಹೋಗಿ. 'ಬೇಕಿದ್ದರೆ ಮತ್ತೆ ತೊಳೆಯಿರಿ' ಅಂತಿದ್ರೆ, ಯಾವಾಗ ಬೇಕು, ಯಾರು ಹೇಳ್ಬೇಕು ಅಂತ ಕೇಳಿ. 'ಕೈ ಹೋಗದ ಜಾಗ ಗಮನಿಸಿ' ಅಂತ ಇನ್ನೊಂದು ಬರುತ್ತೆ, ಕನ್ನಡದಲ್ಲಿ ಓದಿದ್ರೆ ಕೈ ಹೋಗಲ್ಲ ಅಂದ ಮೇಲೆ ಬಿಡಬಹುದು ಅನ್ನೋ ಅರ್ಥ ಬರುತ್ತೆ! ಜಾಗದ ಹೆಸರು ಬರೆಸಿ: ಡೈ ಪಾಕೆಟ್, ಪಂಚ್ ಹೋಗೋ ತೂತು, ಫೀಡ್ ಫ್ರೇಮ್ ಕೆಳಗೆ, ಧೂಳು ಎಳೆಯೋ ಹೋಸ್‌ನ ಬಾಯಿ. ಬಣ್ಣದ ಮಾತ್ರೆ ಆಗಿ ಬಿಳಿ ಮಾತ್ರೆ ಹಾಕಿದಾಗ ಚುಕ್ಕೆ ಬರೋದು ಬಹುಪಾಲು ಇಂಥ ಜಾಗದಿಂದಲೇ. 'ವಿಶುವಲಿ ಕ್ಲೀನ್' ಅನ್ನೋದನ್ನ 'ದೃಷ್ಟಿಗೋಚರವಾಗಿ ಸ್ವಚ್ಛ' ಅಂತ ಬರೆದವರೂ ಇದಾರೆ. ಏನು ಕಾಣಬಾರದು ಅಂತ ಹೇಳಿದ್ರೆ ಮುಗೀತು: ಪುಡಿ, ಬಣ್ಣ, ಗ್ರೀಸ್, ಕಲೆ, ನೀರಿನ ಹನಿ. ಹಾಗಂತ ಕಣ್ಣಿಗೆ ಕಾಣದೆ ಉಳಿದ ಔಷಧಿ ಎಷ್ಟು ಅನ್ನೋದು ಇವರ ತಲೆನೋವಲ್ಲ, ಅದನ್ನ ಕ್ಯೂಸಿಯವರು ಸ್ವಾಬ್ ತೆಗೆದು ನೋಡ್ತಾರೆ, ಲೈನ್‌ನವರ ಕಾಪಿಯಲ್ಲಿ ಆ ಲೆಕ್ಕ ಎಲ್ಲ ತುಂಬಬೇಡಿ. ಸ್ವಾಬ್ ತೆಗೆಯೋ ಮುಂಚೆ ಆ ಜಾಗ ಮುಟ್ಟಬೇಡಿ, ಮತ್ತೆ ಒರೆಸಬೇಡಿ ಅನ್ನೋ ಸಾಲು ಮಾತ್ರ ಬೇಕೇ ಬೇಕು, ಯಾಕಂದ್ರೆ ನಮ್ಮ ಹುಡುಗ್ರು ಸಾಹೇಬ್ರು ಬರ್ತಾರೆ ಅಂದ್ರೆ ಇನ್ನೊಂದು ಸಲ ಐಪಿಎ ಆಲ್ಕೋಹಾಲ್‌ನಲ್ಲಿ ಫಳಫಳ ಅನ್ನಿಸಿ ಇಟ್ಟಿರ್ತಾರೆ.

ಸಂಖ್ಯೆ ವಿಷಯ ಚಿಕ್ಕದು, ಆದ್ರೆ ಕಚ್ಚುತ್ತೆ. ಎನ್‌ಎಲ್‌ಟಿ, ಅಂದ್ರೆ ನಾಟ್ ಲೆಸ್ ದ್ಯಾನ್, 5 ನಿಮಿಷ ಅನ್ನೋದನ್ನ '5 ನಿಮಿಷಕ್ಕಿಂತ ಕಡಿಮೆ ಇಲ್ಲದಂತೆ' ಅಂತ ಬರೆದ್ರೆ ಅವಸರದಲ್ಲಿ ಓದೋವನ ಕಣ್ಣಿಗೆ ಬೀಳೋದು 5 ಮತ್ತೆ ಕಡಿಮೆ, ಅಷ್ಟೇ. 'ಪೂರ್ತಿ 5 ನಿಮಿಷ ಆಗಲೇಬೇಕು, ಜಾಸ್ತಿ ಆದ್ರೆ ಪರವಾಗಿಲ್ಲ' ಅನ್ನೋದು ಸರಿ. ಎನ್‌ಎಂಟಿ, ಅಂದ್ರೆ ನಾಟ್ ಮೋರ್ ದ್ಯಾನ್‌ಗೆ, 'ಮೀರಬಾರದು'. ಅಂಕಿ ಮಾತ್ರ 1, 2, 3 ಇರ್ಲಿ, ಕನ್ನಡ ಅಂಕಿ ಬೇಡ. ನನಗೂ ಕನ್ನಡ ಅಂಕಿ ಅಂದ್ರೆ ಪ್ರೀತಿನೇ, ಆದ್ರೆ ಮೆಷಿನ್ ಡಿಸ್‌ಪ್ಲೇಲಿ, ಗಡಿಯಾರದಲ್ಲಿ, ಲೇಬಲ್‌ನಲ್ಲಿ ಇರೋದು ಇದು, ನೋಡಿದ್ದನ್ನ ಹಾಗೇ ಬರೆಯೋ ಹಾಗಿರ್ಬೇಕು. ಕೆಟ್ಟ ಪ್ರಿಂಟ್‌ನಲ್ಲಿ ೬ ಮತ್ತು ೭ ಒಂದೇ ತರ ಕಂಡ ದಿನ ನನ್ನ ವಾದ ಯಾರಿಗೂ ಹೇಳ್ಬೇಕಾಗಲ್ಲ.

ಲೇಬಲ್ ಅಂದಾಗ ನೆನಪಾಯ್ತು, 'ಕ್ಲೀನ್' ಅಂತ ಒಂದೇ ಪದ ಹಾಕ್ಬೇಡಿ. ನಮ್ಮ ಮಾತಲ್ಲಿ ಅದು 'ಕ್ಲೀನ್ ಆಗಿದೆ'ನೂ ಹೌದು 'ಕ್ಲೀನ್ ಮಾಡು'ನೂ ಹೌದು. 'ಕ್ಲೀನ್ ಆಗಿದೆ', 'ಕ್ಲೀನ್ ಆಗಬೇಕು' ಅಂತ ಪೂರ್ತಿ ಬರೀರಿ.

ಈಗ ಬಿಎಂಆರ್, ಅಂದ್ರೆ ಬ್ಯಾಚ್ ರೆಕಾರ್ಡ್. ಇದರ ರೀತಿ ಬೇರೆ. ಎಸ್‌ಒಪಿ ಓದೋಕೆ, ಬಿಎಂಆರ್ ತುಂಬೋಕೆ. ತುಂಬಿದ್ದನ್ನ ಕ್ಯೂಎ ಓದ್ಬೇಕು, ಆಮೇಲೆ ಇನ್‌ಸ್ಪೆಕ್ಟರ್ ಓದ್ಬೇಕು. ಅದಕ್ಕೆ ನನ್ನ ಅಭಿಪ್ರಾಯ, ಕನ್ನಡ ಬಿಎಂಆರ್ ಅಂತ ಬೇರೆ ಪುಸ್ತಕ ಮಾಡ್ಬೇಡಿ, ಒಂದೇ ಹಾಳೇಲಿ ಇಂಗ್ಲಿಷ್ ಸೂಚನೆಯ ಕೆಳಗೇ ಕನ್ನಡ ಸೂಚನೆ ಹಾಕಿ. ಎರಡು ಬೇರೆ ಹಾಳೆ ಇದ್ರೆ ಒಂದರಲ್ಲಿ ಬರೆದು ಇನ್ನೊಂದಕ್ಕೆ ಕಾಪಿ ಮಾಡೋ ಚಟ ಶುರುವಾಗುತ್ತೆ, ಅಲ್ಲಿಗೆ 'ಆಗಿಂದಾಗಲೇ ಬರೀಬೇಕು' ಅನ್ನೋ ನಿಯಮ ಸತ್ತಂಗೆ. ತುಂಬೋ ಜಾಗ ಸಾಧ್ಯವಾದಷ್ಟು ಅಂಕಿ, ಟಿಕ್, ಸೈನ್‌ನಲ್ಲೇ ಮುಗಿಯೋ ಹಾಗಿರ್ಲಿ. ರಿಮಾರ್ಕ್ಸ್ ಕಾಲಂನಲ್ಲಿ ಕನ್ನಡದಲ್ಲಿ ಬರೀಬಹುದಾ ಅನ್ನೋದನ್ನ ಮೊದಲೇ ಕ್ಯೂಎ ಜೊತೆ ಲಿಖಿತವಾಗಿ ತೀರ್ಮಾನ ಮಾಡ್ಕೊಳಿ. ಬರೀಬಹುದು ಅಂತಾದ್ರೆ ರಿವ್ಯೂ ಮಾಡೋವನಿಗೆ ಕನ್ನಡ ಓದೋಕೆ ಬರ್ಬೇಕು, ಇದನ್ನ ಮರೆತವರು ನನಗೆ ಗೊತ್ತು.

ಸೈನ್ ಕಾಲಂನಲ್ಲಿ 'ಡನ್ ಬೈ', 'ಚೆಕ್ಡ್ ಬೈ' ಅಂತಿರುತ್ತೆ. ಎರಡನೇದನ್ನ 'ಪರೀಕ್ಷಿಸಿದವರು' ಅಂದ್ರೆ ಲ್ಯಾಬ್ ಟೆಸ್ಟ್ ಅನ್ಕೊಂಡು ಖಾಲಿ ಬಿಡ್ತಾರೆ. 'ಮಾಡಿದವರು', 'ಕಣ್ಣಾರೆ ನೋಡಿದವರು' ಅಂತ ಹಾಕಿ. ಅಮೆರಿಕದ ರೂಲ್‌ನಲ್ಲೂ, 21 ಸಿಎಫ್ಆರ್ 211.182ರಲ್ಲಿ, ಕ್ಲೀನ್ ಮಾಡಿದವರೂ ಅದನ್ನ ಮತ್ತೆ ನೋಡಿದವರೂ ಲಾಗ್‌ನಲ್ಲಿ ತಾರೀಖು ಹಾಕಿ ಸೈನ್ ಮಾಡ್ಬೇಕು ಅಂತಿದೆ. 'ಕಣ್ಣಾರೆ' ಅನ್ನೋ ಪದ ಓದಿದ ಮೇಲೆ ಮಾರನೇ ದಿನ ಬೆಳಿಗ್ಗೆ ಬಂದು ಸಾಲಾಗಿ ಸೈನ್ ಎಳೆಯೋಕೆ ಸೂಪರ್‌ವೈಸರ್‌ಗೂ ಸ್ವಲ್ಪ ಮುಜುಗರ ಆಗುತ್ತೆ, ಇದು ನಾನು ನೋಡಿರೋದು.

ಒಂದು ಸಾಲು ಪೂರ್ತಿ ನೋಡೋಣ. ಬ್ಯಾಚ್ ಮುಗಿದ ಸಮಯ, ಕ್ಲೀನಿಂಗ್ ಶುರು ಆದ ಸಮಯ ಅಂತ ಎರಡು ಕಾಲಂ. ಇವೆರಡರ ಮಧ್ಯೆ ಇರೋದೇ ಡರ್ಟಿ ಹೋಲ್ಡ್ ಟೈಮ್, ಕೊಳಕಾಗಿ ಎಷ್ಟು ಹೊತ್ತು ಬಿಡಬಹುದು ಅನ್ನೋ ಮಿತಿ. ಹೆಚ್ಚು ಹೊತ್ತು ಬಿಟ್ರೆ ಪುಡಿ ಅಂಟಿ ಗಟ್ಟಿಯಾಗುತ್ತೆ, ತೇವ ಇದ್ರೆ ಸೂಕ್ಷ್ಮಜೀವಿ ಬೆಳೆಯುತ್ತೆ, ಆಗ ವ್ಯಾಲಿಡೇಟ್ ಮಾಡಿದ ಕ್ಲೀನಿಂಗ್ ಸಾಕಾಗುತ್ತೆ ಅನ್ನೋದಕ್ಕೆ ಆಧಾರ ಇರಲ್ಲ. ಮಿತಿ ಪ್ಲಾಂಟ್‌ನಿಂದ ಪ್ಲಾಂಟ್‌ಗೆ ಬೇರೆ, ಇಲ್ಲಿ 24 ಗಂಟೆ ಅಂತ ಇಟ್ಕೊಳಿ. ನೈಟ್ ಶಿಫ್ಟ್ 14ನೇ ತಾರೀಖು ರಾತ್ರಿ 10ಕ್ಕೆ ಶುರು. ಬ್ಯಾಚ್ 23:40ಕ್ಕೆ ಮುಗೀತು, ಆಪರೇಟರ್ ಹುಡುಗ 14 ಅಂತ ಬರೆದ. ಕ್ಲೀನಿಂಗ್ 00:25ಕ್ಕೆ ಶುರು ಮಾಡಿದ, ಅದಕ್ಕೂ 14 ಅಂತ ಬರೆದ. ಅವನ ಲೆಕ್ಕದಲ್ಲಿ ಬೆಳಗಾಗೋವರೆಗೆ 14ನೇ ತಾರೀಖೇ, ನಮ್ಮ ಮನೆಗಳಲ್ಲೂ ಹಂಗೇ ತಾನೆ, ದಿನ ಬದಲಾಗೋದು ಸೂರ್ಯ ಹುಟ್ಟಿದಾಗ. ಕಾಗದದ ಮೇಲೆ ನೋಡಿದ್ರೆ ಬ್ಯಾಚ್ ಮುಗಿಯೋಕೆ 23 ಗಂಟೆ 15 ನಿಮಿಷ ಮುಂಚೆನೇ ಕ್ಲೀನಿಂಗ್ ಶುರುವಾಗಿದೆ! ನಿಜವಾಗಿ ಆಗಿದ್ದು ಬರೀ 45 ನಿಮಿಷ. ಆ ಹುಡುಗ ಬೆಳಿಗ್ಗೆ ಅದನ್ನ ನೋಡಿ 4ನ ಮೇಲೆ 5 ತೀಡಿದ, ಅದು ಇನ್ನೂ ದೊಡ್ಡ ತಪ್ಪಾಯ್ತು.

ಅನುವಾದದಲ್ಲಿ ಇದಕ್ಕೆ ಎರಡು ಸಾಲು ಬೇಕು, ಕಾಲಂ ತಲೇಲೇ ಬೇಕು, ಹಿಂದಿನ ಪುಟದ ಸೂಚನೇಲಿ ಅಲ್ಲ. 'ರಾತ್ರಿ 12 (00:00) ಆದ ಮೇಲೆ ಮಾರನೇ ದಿನದ ತಾರೀಖು ಬರೆಯಿರಿ.' ಇನ್ನೊಂದು, 'ತಪ್ಪಾದರೆ ಒಂದೇ ಗೆರೆ ಎಳೆಯಿರಿ, ಹಳೇದು ಓದುವಂತಿರಲಿ. ಪಕ್ಕದಲ್ಲಿ ಸರಿಯಾದ್ದು, ಕಾರಣ, ಸೈನ್, ತಾರೀಖು. ಮೇಲೆ ತೀಡಬೇಡಿ, ವೈಟ್ನರ್ ಹಚ್ಚಬೇಡಿ.' ಬರೀ 'ತಿದ್ದಬೇಡಿ' ಅಂತ ಬರೀಬೇಡಿ, ಹಂಗಂದ್ರೆ ತಪ್ಪನ್ನ ಹಾಗೇ ಬಿಟ್ಟುಬಿಡ್ತಾರೆ. ತೀಡೋದು ಬೇರೆ, ತಿದ್ದೋದು ಬೇರೆ, ಸ್ಲೇಟಿನಲ್ಲಿ ಅಕ್ಷರ ಕಲಿತ ಎಲ್ರಿಗೂ ಅದು ಗೊತ್ತು.

ಬರೆದಾಯ್ತು ಅಂದ ಮೇಲೆ ಎರಡು ಟೆಸ್ಟ್. ಒಂದು, ಇಂಗ್ಲಿಷ್ ಎಸ್‌ಒಪಿ ನೋಡೇ ಇರದ ಇನ್ನೊಬ್ಬರಿಗೆ ಕನ್ನಡ ಕೊಟ್ಟು ವಾಪಸ್ ಇಂಗ್ಲಿಷ್ ಮಾಡಿಸಿ, ಸಂಖ್ಯೆ, ಕ್ರಮ, 'ಬೇಡಿ'ಗಳು ಹೊಂದ್ತಾವಾ ನೋಡಿ. ಇದರಲ್ಲಿ ನನ್ನ 'ಶುದ್ಧ ನೀರು' ಪಾಸಾಗಿತ್ತು ಅನ್ನೋದು ನೆನಪಿರ್ಲಿ, ವಾಪಸ್ ಮಾಡಿದವರು ಸಲೀಸಾಗಿ ಪ್ಯೂರಿಫೈಡ್ ವಾಟರ್ ಅಂತಲೇ ಬರೆದಿದ್ರು. ಅದಕ್ಕೇ ಎರಡನೇ ಟೆಸ್ಟ್ ಮುಖ್ಯ. ಆ ಲೈನ್‌ಗೆ ಹೊಸಬನಾದ ಒಬ್ಬ ಆಪರೇಟರ್ ಕೈಗೆ ಹಾಳೆ ಕೊಟ್ಟು, ನೀವು ಬಾಯಿ ಮುಚ್ಕೊಂಡು ಪಕ್ಕದಲ್ಲಿ ನಿಂತು, ಓದಿದ ಹಾಗೆ ಮಾಡೋಕೆ ಹೇಳಿ. ಹಳಬರನ್ನ ಕರೀಬೇಡಿ, ಅವರು ಹಾಳೆ ನೋಡದೆನೇ ಸರಿಯಾಗಿ ಮಾಡ್ತಾರೆ, ನಿಮ್ಮ ಕನ್ನಡ ಪಾಸಾಯ್ತು ಅನ್ಸುತ್ತೆ. ಅವನು ಎಲ್ಲಿ ನಿಂತು ನಿಮ್ಮ ಮುಖ ನೋಡ್ತಾನೋ ಆ ಸಾಲು ಗುರುತು ಹಾಕ್ಕೊಳಿ. ಎಲ್ಲಿ ನಿಲ್ಲದೆ ತಪ್ಪು ಮಾಡ್ತಾನೋ ಅದಕ್ಕೆ ಎರಡು ಗುರುತು. ಟೆಸ್ಟ್ ಆದ ಮೇಲೆ ಆ ಮೆಷಿನ್‌ನ ಮಾಮೂಲಿ ತರ ಮತ್ತೆ ಕ್ಲೀನ್ ಮಾಡಿಸ್ಬೇಕು, ಅದನ್ನ ಪ್ರೊಡಕ್ಷನ್‌ನವರಿಗೆ ಮೊದಲೇ ಹೇಳಿ ಸಮಯ ಇಸ್ಕೊಳಿ, ಇಲ್ಲಾಂದ್ರೆ ಜಗಳ.

ಇಂಗ್ಲಿಷೂ ಕನ್ನಡವೂ ಓದೋಕೆ ಬರದೆ ಇರೋ ಒಡಿಶಾ, ಬಿಹಾರದ ಹುಡುಗ್ರೂ ಈಗ ಬೇಕಾದಷ್ಟು ಇದಾರೆ, ಅವರಿಗೆ ಕನ್ನಡ ಕಾಪಿ ಕೊಟ್ಟು ಟ್ರೈನಿಂಗ್ ಆಯ್ತು ಅಂತ ಸೈನ್ ಹಾಕಿಸೋದು ಇಂಗ್ಲಿಷ್ ಕೊಟ್ಟಷ್ಟೇ ಸುಳ್ಳು. ಅವರಿಗೆ ಹಿಂದಿನೋ ಒಡಿಯಾನೋ ಬೇರೆ ಆಗ್ಬೇಕು.

ಕೊನೇದು, ಕಾಪಿ ಯಾರ ಹಿಡಿತದಲ್ಲಿ ಇರುತ್ತೆ ಅನ್ನೋದು. ಕನ್ನಡ ಎಸ್‌ಒಪಿಗೂ ಇಂಗ್ಲಿಷ್‌ದೇ ನಂಬರ್, ಅದೇ ರಿವಿಷನ್, ಜಾರಿಗೆ ಬರೋ ತಾರೀಖೂ ಒಂದೇ, ಎರಡರಲ್ಲಿ ವ್ಯತ್ಯಾಸ ಕಂಡ್ರೆ ಯಾವುದು ಮಾನ್ಯ ಅನ್ನೋ ಸಾಲು ಮೊದಲ ಪುಟದಲ್ಲೇ. ಭಾರತದಲ್ಲಿ ಔಷಧಿ ತಯಾರಿಕೆಯ ನಿಯಮಗಳಿರೋ ಪರಿಷ್ಕೃತ ಶೆಡ್ಯೂಲ್ ಎಂ 2023ರ ಡಿಸೆಂಬರ್‌ನಲ್ಲಿ ನೋಟಿಫೈ ಆದ ಮೇಲೆ ಎಷ್ಟೋ ಕಡೆ ಎಸ್‌ಒಪಿಗಳೆಲ್ಲ ಮತ್ತೆ ಬರೆಯೋ ಕೆಲಸ ಬಂತು, ಇಂಗ್ಲಿಷ್ ರಿವಿಷನ್ ಮುಂದೆ ಹೋಗಿ ಕನ್ನಡ ಹಿಂದೆ ಉಳಿಯೋದು ಇಂಥ ಹೊತ್ತಲ್ಲೇ. ಚೇಂಜ್ ಕಂಟ್ರೋಲ್ ಫಾರಂನಲ್ಲಿ 'ಕನ್ನಡ ಕಾಪಿ ಬದಲಾಯ್ತಾ' ಅಂತ ಒಂದು ಟಿಕ್ ಬಾಕ್ಸ್ ಹಾಕಿಸಿ, ಅದು ಟಿಕ್ ಆಗದೆ ಇಂಗ್ಲಿಷ್ ಜಾರಿಗೆ ಬರದ ಹಾಗೆ ಮಾಡ್ಸಿ. ಆಮೇಲೆ ವಾಶ್ ಏರಿಯಾಗೆ ಒಂದು ರೌಂಡ್ ಹೋಗಿ ಗೋಡೆ ನೋಡಿ. ಯಾರೋ ಒಳ್ಳೆ ಮನಸ್ಸಿಂದ ನಿಮ್ಮ ಹಳೇ ಕನ್ನಡ ಪುಟನ ಜೆರಾಕ್ಸ್ ಮಾಡಿ ಲ್ಯಾಮಿನೇಟ್ ಹಾಕಿ ಸಿಂಕ್ ಮೇಲೆ ಅಂಟಿಸಿರ್ತಾರೆ. ನನ್ನ 'ಶುದ್ಧ ನೀರು' ಪುಟ ಹಿಂಪಡೆದು ಎಂಟು ತಿಂಗಳಾದ ಮೇಲೂ ಹಾಗೇ ಒಂದು ಕಡೆ ಸಿಕ್ತು, ಪಿಡಬ್ಲ್ಯೂ ವಾಲ್ವ್‌ನ ಪಕ್ಕದಲ್ಲೇ.